ಮೆತ್ತನೆಯ ಪನೀರ್: ಹುಳಿ ಎಷ್ಟು, ಒತ್ತುವುದು ಎಷ್ಟು ಹೊತ್ತು

ಒಳ್ಳೆಯ ಪನೀರಿನ ಒಂದು ತುಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ನೀರು. ಪನೀರಿನಲ್ಲಿ ತೇವಾಂಶ ಶೇ 60ನ್ನು ಮೀರಬಾರದು, ಉಳಿದ ಒಣ ಅಂಶದಲ್ಲಿ ಅರ್ಧದಷ್ಟಾದರೂ ಹಾಲಿನ ಜಿಡ್ಡು ಇರಬೇಕು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಹೇಳುತ್ತದೆ. ಪನೀರಿನ ಮೃದುತ್ವ ನಿಂತಿರುವುದು ಈ ಎರಡರ ಮೇಲೆಯೇ. ನೀರು ಶೇ 55ರ ಆಸುಪಾಸಿನಲ್ಲಿ ಉಳಿದು, ಜಿಡ್ಡು ಒಳಗೇ ಸಿಕ್ಕಿಕೊಂಡಿದ್ದರೆ ಪನೀರ್ ಬೆರಳಿಗೆ ಮೆತ್ತಗೆ, ಹಲ್ಲಿಗೆ ಹಗುರ. ನೀರು ಸೋರಿ ಶೇ 45ಕ್ಕೆ ಇಳಿದರೆ ಅದೇ ಹಾಲಿನ ಪನೀರ್ ಅಗಿದಷ್ಟೂ ಮುಗಿಯದ ತುಂಡಾಗುತ್ತದೆ. ಮನೆಯಲ್ಲಿ ಮಾಡಿದ ಪನೀರ್ ಗಟ್ಟಿಯಾಯಿತು ಎಂದು ಬೇಸರಪಡುವವರಲ್ಲಿ ಹೆಚ್ಚಿನವರು ತಿಳಿಯದೆಯೇ ಈ ನೀರನ್ನು ಹಿಂಡಿ ತೆಗೆದಿರುತ್ತಾರೆ. ಕೆಲವರು ಒತ್ತುವಾಗ ಹಿಂಡಿದರೆ ಬಹಳ ಮಂದಿ ಅದಕ್ಕೂ ಮೊದಲೇ, ಹಾಲು ಒಡೆಸುವಾಗಲೇ ಹಿಂಡಿರುತ್ತಾರೆ.

ಹಾಲು ಒಡೆಯುವುದೆಂದರೆ ಏನು ಎಂಬುದನ್ನು ಸ್ವಲ್ಪ ಅರಿತುಕೊಂಡರೆ ಮುಂದಿನ ಕೆಲಸ ಸುಲಭ. ಹಾಲಿನ ಪ್ರೋಟೀನಿನಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಕೇಸಿನ್. ಅದು ಕ್ಯಾಲ್ಸಿಯಂ ಜೊತೆ ಸೇರಿ ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ಹಾಲಿನಲ್ಲಿ ತೇಲುತ್ತಿರುತ್ತದೆ. ಈ ಉಂಡೆಗಳು ಒಂದನ್ನೊಂದು ದೂರ ತಳ್ಳುವುದರಿಂದ ಹಾಲು ಹಾಲಾಗಿಯೇ ಉಳಿದಿದೆ. ಉಳಿದ ಒಂದು ಪಾಲು ಪ್ರೋಟೀನು ನೀರಿನಲ್ಲಿ ಕರಗಿರುತ್ತದೆ. ಹಾಲನ್ನು ಚೆನ್ನಾಗಿ ಕಾಯಿಸಿದಾಗ ಕರಗಿದ್ದ ಈ ಪ್ರೋಟೀನು ಬಿಚ್ಚಿಕೊಂಡು ಕೇಸಿನ್ ಉಂಡೆಗಳ ಮೈಗೆ ಅಂಟಿಕೊಳ್ಳುತ್ತದೆ. ಆಗ ಹುಳಿ ಬಿದ್ದರೆ ಉಂಡೆಗಳು ತಳ್ಳಾಟ ಬಿಟ್ಟು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ನಡುವೆ ಜಿಡ್ಡನ್ನೂ ನೀರನ್ನೂ ಹಿಡಿದಿಟ್ಟುಕೊಂಡು ಗರಣೆಯಾಗುತ್ತವೆ. ಕಾಯಿಸುವುದರಿಂದ ಅಂಟಿಕೊಂಡ ಪ್ರೋಟೀನಿಗೆ ನೀರನ್ನು ಹಿಡಿದಿಡುವ ಗುಣ ಹೆಚ್ಚು. ಹಸಿ ಹಾಲಿಗೋ ಉಗುರುಬೆಚ್ಚಗಿನ ಹಾಲಿಗೋ ಹುಳಿ ಹಿಂಡಿದರೆ ಬರುವ ಗರಣೆ ಇಳುವರಿಯಲ್ಲೂ ಕಡಿಮೆ, ಸರಿಯಾಗಿ ಕೂಡಿಕೊಳ್ಳುವುದೂ ಇಲ್ಲ. ಅದಕ್ಕೇ ಮೊದಲು ಕಾಯಿಸಬೇಕು. ಹಾಗೆಂದು ಒಲೆಯ ಮೇಲೆ ಕುದಿಯುತ್ತಿರುವಾಗಲೇ ಹುಳಿ ಹಾಕಬೇಕಾಗಿಲ್ಲ.

ನಮ್ಮ ಬಹುತೇಕ ಅಡುಗೆಮನೆಗಳಲ್ಲಿ ಪನೀರ್ ಕೆಡುವುದು ಇಲ್ಲಿಯೇ. ಹಾಲು ಉಕ್ಕಿ ಬರುತ್ತಿರುವಾಗ ನಿಂಬೆರಸ ಸುರಿದು, ಉರಿಯನ್ನು ಹಾಗೆಯೇ ಬಿಟ್ಟು, ಸೌಟಿನಿಂದ ಗರಗರ ತಿರುಗಿಸುವುದು ರೂಢಿ. ಆಗ ಹಾಲು ಫಕ್ಕನೆ ಒಡೆಯುತ್ತದೆ, ನೋಡಲು ತೃಪ್ತಿಯೂ ಆಗುತ್ತದೆ. ಆದರೆ ಕುದಿಯುವ ಬಿಸಿಯಲ್ಲಿ ಗರಣೆ ಬಿಗಿದುಕೊಳ್ಳುತ್ತದೆ, ಒಳಗಿನ ನೀರು ಹೊರಗೆ ಬರುತ್ತದೆ. ಉರಿ ಇನ್ನೂ ಮುಂದುವರಿದರೆ ಚೂರುಗಳು ಬಿಡಿಬಿಡಿ ಕಾಳಾಗಿ ಬೇಯುತ್ತವೆ. ಹೀಗೆ ಬೆಂದ ಗರಣೆಯನ್ನು ಹತ್ತು ನಿಮಿಷ ಒತ್ತಿದರೂ ಗಟ್ಟಿಯೇ, ಒಂದು ಗಂಟೆ ಒತ್ತಿದರೂ ಗಟ್ಟಿಯೇ. ಡೇರಿಗಳಲ್ಲಿ ಹಾಲನ್ನು ಸುಮಾರು 90 ಡಿಗ್ರಿಗೆ ಕಾಯಿಸಿ, 70ರಿಂದ 75 ಡಿಗ್ರಿಗೆ ಇಳಿಸಿ, ಅಷ್ಟೇ ಬಿಸಿಯಿರುವ ಹುಳಿನೀರನ್ನು ನಿಧಾನವಾಗಿ ಬೆರೆಸುತ್ತಾರೆ. ಮನೆಯಲ್ಲೂ ಇದೇ ಕ್ರಮ ಹಿಡಿಯಬಹುದು. ಇದಕ್ಕೆ ಹೊಸ ಸಲಕರಣೆ ಏನೂ ಬೇಡ. ಅಡುಗೆ ಥರ್ಮಾಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಒಂದು ಲೀಟರ್ ಹಾಲಿನ ಲೆಕ್ಕವನ್ನೇ ಪೂರ್ತಿ ನೋಡೋಣ.

ಹಾಲು ಆರಿಸುವಾಗ ಪ್ಯಾಕೆಟ್ಟಿನ ಬಣ್ಣಕ್ಕಿಂತ ಅದರ ಮೇಲೆ ಮುದ್ರಿಸಿದ ಜಿಡ್ಡಿನ ಅಂಕಿ ಓದುವುದು ಮೇಲು. ಟೋನ್ಡ್ ಹಾಲಿನಲ್ಲಿ ಜಿಡ್ಡು ಶೇ 3, ಫುಲ್ ಕ್ರೀಮ್ ಹಾಲಿನಲ್ಲಿ ಶೇ 6. ನೀಲಿ ಪ್ಯಾಕೆಟ್ಟಿನ ನಂದಿನಿ ಟೋನ್ಡ್ ಹಾಲಿನಿಂದಲೂ ಪನೀರ್ ಆಗುತ್ತದೆ. ಆದರೆ ಜಿಡ್ಡು ಕಡಿಮೆಯಾದಷ್ಟೂ ಗರಣೆಯಲ್ಲಿ ಬರಿಯ ಪ್ರೋಟೀನು ಉಳಿದು, ತುಂಡು ಎಳೆಎಳೆಯಾಗಿ ಬಿಗಿಯುತ್ತದೆ. ಫುಲ್ ಕ್ರೀಮ್ ಹಾಲು ಒಂದು ಲೀಟರಿಗೆ ಸುಮಾರು 200 ಗ್ರಾಂ ಪನೀರ್ ಕೊಡುತ್ತದೆ, ಟೋನ್ಡ್ ಹಾಲು ಸುಮಾರು 150 ಗ್ರಾಂ. ಮನೆಗೆ ಎಮ್ಮೆ ಹಾಲು ತಂದುಕೊಡುವವರು ಇದ್ದರೆ ಅದಕ್ಕಿಂತ ಒಳ್ಳೆಯ ಹಾಲು ಪನೀರಿಗಿಲ್ಲ. ಎಮ್ಮೆ ಹಾಲಿನಲ್ಲಿ ಜಿಡ್ಡೂ ಕೇಸಿನ್ನೂ ಕ್ಯಾಲ್ಸಿಯಂ ಕೂಡ ಹೆಚ್ಚು. ಅದರ ಪನೀರ್ ಕತ್ತರಿಸಿದರೆ ಅಂಚು ನೇರವಾಗಿ ನಿಲ್ಲುತ್ತದೆ, ಗ್ರೇವಿಯಲ್ಲಿ ಕುದಿದರೂ ಕದಡುವುದಿಲ್ಲ. ಹಸುವಿನ ಹಾಲಿನದು ಇನ್ನೂ ಮೆತ್ತಗೆ, ಬೇಗ ಪುಡಿಯಾಗುವ ಸ್ವಭಾವದ್ದು. ಬಂಗಾಳದವರು ರಸಗುಲ್ಲಕ್ಕೆ ಬೇಕಾದ ಛೇನಾವನ್ನು ಹಸುವಿನ ಹಾಲಿನಿಂದಲೇ ಮಾಡುವುದು ಅದಕ್ಕಾಗಿ. ಅದನ್ನು ಅವರು ತೂಕ ಹೇರಿ ಒತ್ತುವುದಿಲ್ಲ, ನೀರು ಬಸಿದು ನಾದುತ್ತಾರೆ.

ದಪ್ಪ ತಳದ ಪಾತ್ರೆಯನ್ನು ಒಮ್ಮೆ ನೀರಿನಲ್ಲಿ ಅಲುಬಿ, ಒರೆಸದೆ ಹಾಲು ಸುರಿಯಿರಿ. ತಳ ಹಿಡಿಯುವುದು ಕಡಿಮೆಯಾಗುತ್ತದೆ. ತಳ ಹತ್ತಿದ ಹಾಲಿನ ಕಮಟು ಪನೀರಿಗೆ ಹತ್ತಿದರೆ ಯಾವ ಮಸಾಲೆಯಿಂದಲೂ ಮುಚ್ಚಲಾಗದು. ನಡುವಣ ಉರಿಯಲ್ಲಿ ಆಗಾಗ ಕೈಯಾಡಿಸುತ್ತಾ ಹಾಲು ಉಕ್ಕುವವರೆಗೆ ಕಾಯಿಸಿ ಒಲೆ ಆರಿಸಿ. ಕೆನೆ ಕಟ್ಟದಂತೆ ಆಗಾಗ ಸೌಟಾಡಿಸುತ್ತಾ ಎಂಟು ಹತ್ತು ನಿಮಿಷ ಬಿಡಿ. ತೆಳು ಪಾತ್ರೆಯಾದರೆ ಇನ್ನೂ ಬೇಗ ಆರುತ್ತದೆ. ಹಬೆ ಇನ್ನೂ ಆಡುತ್ತಿರಬೇಕು, ಆದರೆ ಅಂಚಿನಲ್ಲಿ ಒಂದು ಗುಳ್ಳೆಯೂ ಏಳುತ್ತಿರಬಾರದು. 75 ಡಿಗ್ರಿ ಎಂದರೆ ಹಾಲು ಬೆರಳಿಟ್ಟರೆ ಸುಡುವಷ್ಟು ಬಿಸಿಯಾಗಿಯೇ ಇರುತ್ತದೆ. ಕುಡಿಯುವ ಹದಕ್ಕೆ ಆರಿದರೆ ಕೆಲಸ ಕೆಟ್ಟಂತೆ.

ಇನ್ನು ಹುಳಿ. ಒಂದು ಲೀಟರ್ ಹಾಲನ್ನು ಒಡೆಯಲು ಸುಮಾರು 2 ಗ್ರಾಂ ಸಿಟ್ರಿಕ್ ಆಸಿಡ್ ಬೇಕು. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೂ ಕೊಡುತ್ತಾರೆ. ಸಕ್ಕರೆಯ ಹಾಗೆ ಹರಳಾಗಿರುವ ಇದನ್ನು ಸಣ್ಣ ಚಮಚದಲ್ಲಿ ಅರ್ಧ, ಅದೂ ತಲೆ ಸವರಿ ತೆಗೆದುಕೊಂಡರೆ ಹೆಚ್ಚುಕಡಿಮೆ ಅಷ್ಟೇ ತೂಕ. ಅದನ್ನು ಒಂದು ಲೋಟ, ಅಂದರೆ 200 ಮಿಲಿಲೀಟರ್ ಬಿಸಿನೀರಿನಲ್ಲಿ ಕರಗಿಸಿ. ಈ ನೀರು ಸೇರಿಸುವುದನ್ನು ಮಾತ್ರ ತಪ್ಪಿಸಬೇಡಿ. ಗಾಢ ಹುಳಿ ಬಿದ್ದ ಜಾಗದಲ್ಲಿ ಹಾಲು ಒಮ್ಮೆಲೇ ಬಿಗಿದುಕೊಂಡು ಗಟ್ಟಿ ಚೂರಾಗುತ್ತದೆ, ಪಕ್ಕದ ಹಾಲು ಒಡೆಯದೆ ಹಾಗೆಯೇ ಇರುತ್ತದೆ. ಅದನ್ನೂ ಒಡೆಸಲು ಮತ್ತೆ ಹುಳಿ ಸುರಿಯುತ್ತೇವೆ, ಮೊದಲೇ ಕಟ್ಟಿದ ಚೂರು ಇನ್ನೂ ಹುಳಿ ಕುಡಿಯುತ್ತದೆ. ತಿಳಿಯಾದ ಹುಳಿನೀರು ಹಾಲಿನ ತುಂಬ ಸಮನಾಗಿ ಹರಡುವುದರಿಂದ ಇಡೀ ಹಾಲು ಒಟ್ಟಿಗೇ, ದೊಡ್ಡ ಹೂವಿನಂತೆ ಮೃದುವಾಗಿ ಗರಣೆಗಟ್ಟುತ್ತದೆ.

ನಿಂಬೆಹಣ್ಣಿನ ರಸದಲ್ಲೂ ಇರುವುದು ಇದೇ ಆಮ್ಲ, ಸುಮಾರು ಶೇ 5ರಿಂದ 6. ಹಾಗಾಗಿ ಒಂದು ಲೀಟರಿಗೆ ಎರಡರಿಂದ ಎರಡೂವರೆ ದೊಡ್ಡ ಚಮಚ ರಸ ಸಾಕು. ಅದಕ್ಕೂ ಮುಕ್ಕಾಲು ಲೋಟ ಬಿಸಿನೀರು ಬೆರೆಸಿಯೇ ಹಾಕಬೇಕು. ನಿಂಬೆಯಲ್ಲಿ ಒಂದು ತೊಡಕಿದೆ. ಬೇಸಿಗೆಯ ಒಣಗಿದ ಹಣ್ಣು, ಮಳೆಗಾಲದ ರಸಭರಿತ ಹಣ್ಣು, ಕಾಯಿ, ಮಾಗಿದ್ದು, ಎಲ್ಲದರ ಹುಳಿಯೂ ಬೇರೆ ಬೇರೆ. 'ಎರಡು ಹಣ್ಣು ಹಿಂಡಿ' ಎಂಬ ಅಳತೆ ಒಂದು ದಿನ ಕಡಿಮೆಯಾದರೆ ಇನ್ನೊಂದು ದಿನ ಹೆಚ್ಚು. ಪಾಲಕ್ ಪನೀರಿಗೋ ಬಟಾಣಿ ಪಲ್ಯಕ್ಕೋ ನಿಂಬೆಯ ಸಣ್ಣ ಪರಿಮಳ ಅಡ್ಡಿಯಲ್ಲ, ಸಿಹಿ ತಿಂಡಿಗೆ ಅಡ್ಡಿ. ವಿನೆಗರ್ ಬಳಸುವವರಿಗೆ ಶೇ 4ರ ಬಿಳಿ ವಿನೆಗರ್ ಎರಡೂವರೆಯಿಂದ ಮೂರು ದೊಡ್ಡ ಚಮಚ ಬೇಕಾದೀತು. ಕೆಲಸ ನಿಖರವಾಗಿಯೇ ಆಗುತ್ತದೆ, ಆದರೆ ಅದರ ಘಾಟು ತೊಳೆದ ಮೇಲೂ ಸ್ವಲ್ಪ ಉಳಿಯುವುದರಿಂದ ನನಗೆ ಅದು ಕೊನೆಯ ಆಯ್ಕೆ.

ನನ್ನ ಮೆಚ್ಚಿನದು ಹುಳಿ ಮೊಸರು. ನಮ್ಮ ಮನೆಗಳಲ್ಲಿ ಅದಕ್ಕೆ ಬರವಿಲ್ಲ, ಮೂರನೆಯ ದಿನದ ಮೊಸರು ಯಾರಿಗೂ ಬೇಡವಾಗಿ ಕುಳಿತಿರುತ್ತದೆ. ಒಂದು ಲೀಟರಿಗೆ ಒಂದು ಲೋಟ ಮೊಸರನ್ನು ಗಂಟಿಲ್ಲದಂತೆ ಕಡೆದು, ಕಾಲು ಲೋಟ ನೀರು ಬೆರೆಸಿ ಇಟ್ಟುಕೊಳ್ಳಿ. ಮೊಸರಿನ ಆಮ್ಲ ತೆಳು. ಜೊತೆಗೆ ಮೊಸರು ತಣ್ಣಗಿರುವುದರಿಂದ ಹಾಲಿನ ಬಿಸಿಯನ್ನೂ ಇಳಿಸುತ್ತದೆ. ಆದ್ದರಿಂದ ಇದನ್ನು ಮಾತ್ರ ಒಲೆ ಆರಿಸಿ ಎರಡು ಮೂರು ನಿಮಿಷಕ್ಕೇ ಹಾಕಬೇಕು. ಒಡೆಯಲು ತಡವಾಗುತ್ತದೆ, ಕೆಲವೊಮ್ಮೆ ಸಣ್ಣ ಉರಿಯ ಆಸರೆಯೂ ಬೇಕು. ಆ ನಿಧಾನವೇ ಇಲ್ಲಿ ಅನುಕೂಲ, ಏಕೆಂದರೆ ಹುಳಿ ಮಿತಿ ಮೀರುವುದಕ್ಕೆ ಮೊದಲೇ ಕಣ್ಣಿಗೆ ಗೊತ್ತಾಗುತ್ತದೆ. ಮೊಸರಿನಲ್ಲಿರುವ ಪ್ರೋಟೀನೂ ಗರಣೆಗೆ ಸೇರಿಕೊಂಡು ಇಳುವರಿ ತುಸು ಹೆಚ್ಚುತ್ತದೆ. ರುಚಿಯಲ್ಲಿ ಹುಳಿಯ ಮೊನೆ ಇರುವುದಿಲ್ಲ.

ಯಾವುದೇ ಹುಳಿಯಾದರೂ ಹಾಕುವ ಕ್ರಮ ಒಂದೇ. ಮೊದಲ ಸಲ ಅರ್ಧದಷ್ಟು ಹಾಕಿ, ಪಾತ್ರೆಯ ಅಂಚಿನಿಂದ ಒಳಕ್ಕೆ ನಾಲ್ಕೈದು ಬಾರಿ ನಿಧಾನವಾಗಿ ಸೌಟಾಡಿಸಿ ಅರ್ಧ ನಿಮಿಷ ಕಾಯಿರಿ. ಸೌಟಿನ ಬೆನ್ನಿನ ಮೇಲೆ ರವೆಯಂಥ ಚುಕ್ಕಿಗಳು ಕಾಣುತ್ತವೆ. ಮತ್ತೆ ಸ್ವಲ್ಪ ಹಾಕಿದರೆ ಚುಕ್ಕಿಗಳು ಕೂಡಿ ಗರಣೆಯಾಗುತ್ತವೆ, ಸುತ್ತಲ ನೀರು ಮಾತ್ರ ಇನ್ನೂ ಬೆಳ್ಳಗೆ, ಅಕ್ಕಿ ತೊಳೆದ ನೀರಿನ ಬಣ್ಣದಲ್ಲಿರುತ್ತದೆ. ಇಲ್ಲಿಂದ ಮುಂದೆ ಒಂದೊಂದೇ ಚಮಚ. ಒಂದು ಹಂತದಲ್ಲಿ ಗರಣೆಗಳ ನಡುವಿನ ನೀರು ಥಟ್ಟನೆ ತಿಳಿಯಾಗಿ, ಹಸಿರು ಛಾಯೆಯ ನಸು ಹಳದಿಗೆ ತಿರುಗುತ್ತದೆ. ಅದು ಹಾಲಿನಲ್ಲಿರುವ ಬಿ2 ಜೀವಸತ್ವದ ಬಣ್ಣ. ಅದು ಕಂಡ ಕ್ಷಣವೇ ಕೈ ನಿಲ್ಲಬೇಕು. ಲೋಟದಲ್ಲಿ ಹುಳಿನೀರು ಇನ್ನೂ ಕಾಲುಭಾಗ ಉಳಿದಿದ್ದರೆ ಉಳಿಯಲಿ.

'ಇನ್ನೊಂಚೂರು ಹಾಕಿಬಿಡೋಣ, ಪೂರ್ತಿ ಒಡೆಯಲಿ' ಎಂಬ ಆಸೆಯೇ ಪನೀರಿಗೆ ಶತ್ರು. ಹುಳಿ ಹೆಚ್ಚಾದಾಗ ಕೇಸಿನ್ ಉಂಡೆಗಳಿಗೆ ಬೆಸುಗೆಯಾಗಿದ್ದ ಕ್ಯಾಲ್ಸಿಯಂ ಕರಗಿ ತಿಳಿನೀರಿಗೆ ಸೇರುತ್ತದೆ. ಆಗ ಗರಣೆ ಸಣ್ಣ ಸಣ್ಣದಾಗಿ ಮರಳುಮರಳಾಗುತ್ತದೆ, ಒತ್ತಿದರೂ ಕೂಡಿಕೊಳ್ಳುವುದಿಲ್ಲ, ಚಾಕು ಇಟ್ಟರೆ ಉದುರುತ್ತದೆ. ರುಚಿ ಹುಳಿಯಾಗಿರುವುದು ಬೇರೆ. ಹುಳಿ ಕಡಿಮೆಯಾಗಿದ್ದರೆ ತಿಳಿನೀರು ಬೆಳ್ಳಗೇ ಉಳಿದು, ಬಟ್ಟೆಗೆ ಹಾಕಿದಾಗ ಪನೀರಾಗಬೇಕಿದ್ದ ಹಾಲು ಸೋರಿಹೋಗುತ್ತದೆ, ಉಳಿದ ಗರಣೆ ಜಿಗುಟಾಗಿರುತ್ತದೆ. ಇವೆರಡರಲ್ಲಿ ಕಡಿಮೆಯಾಗಿದ್ದನ್ನು ಸರಿಪಡಿಸಬಹುದು, ಸಣ್ಣ ಉರಿಯಲ್ಲಿ ಮತ್ತೆ ಬೆಚ್ಚಗೆ ಮಾಡಿ ಒಂದು ಚಮಚ ಹುಳಿನೀರು ಹಾಕಿದರಾಯಿತು. ಹೆಚ್ಚಾಗಿದ್ದನ್ನು ವಾಪಸು ತೆಗೆಯಲು ದಾರಿಯಿಲ್ಲ. ಅದನ್ನು ತೊಳೆದು ಭುರ್ಜಿಗೆ ಬಳಸುವುದೇ ವಾಸಿ.

ಅಳತೆಯಷ್ಟು ಹುಳಿ ಹಾಕಿದರೂ ಹಾಲು ಒಡೆಯದಿದ್ದರೆ ಮೊದಲು ಬಿಸಿ ನೋಡಿ. ಹೆಚ್ಚಿನ ಸಲ ಹಾಲು ಆರಿಹೋಗಿರುತ್ತದೆ. ಇನ್ನೊಂದು ಕಡೆ, ಕಾಯಿಸುವಾಗ ತಾನಾಗಿಯೇ ಒಡೆದ ಹಾಲನ್ನು ಪನೀರ್ ಮಾಡಿಬಿಡುವ ಅಭ್ಯಾಸ ಹಲವರಿಗಿದೆ. ವಾಸನೆ ಶುದ್ಧವಾಗಿದ್ದರೂ ಅದು ಮೆತ್ತಗೆ ಬರುವುದಿಲ್ಲ, ಏಕೆಂದರೆ ಕುದಿಯುವ ಹೊತ್ತಿಗೆ ಒಡೆದ ಗರಣೆ ಆಗಲೇ ಬಿಗಿದಿರುತ್ತದೆ. ವಾಸನೆ ಕೆಟ್ಟಿದ್ದರೆ, ನಾಲಿಗೆಗೆ ಕಹಿಯೆನಿಸಿದರೆ, ಚೆಲ್ಲಿಬಿಡಿ.

ತಿಳಿನೀರು ಕಂಡ ಮೇಲೆ ಪಾತ್ರೆಗೆ ಮುಚ್ಚಳ ಹಾಕಿ ಐದು ನಿಮಿಷ ಸುಮ್ಮನೆ ಬಿಡಬೇಕು. ಗರಣೆಗಳು ತಳಕ್ಕಿಳಿದು ಒಂದರೊಳಗೊಂದು ಕೂಡಿಕೊಳ್ಳಲು ಈ ಹೊತ್ತು ಬೇಕು. ಆಮೇಲೆ ಜರಡಿಯ ಮೇಲೆ ಒದ್ದೆ ಮಾಡಿದ ತೆಳು ಮಲ್ ಬಟ್ಟೆ ಹಾಸಿ, ಕೆಳಗೊಂದು ಪಾತ್ರೆಯಿಟ್ಟು, ಸೌಟಿನಿಂದ ಗರಣೆಯನ್ನು ಎತ್ತಿ ಹಾಕಿ. ಮೇಲಿನಿಂದ ಧೊಪ್ಪನೆ ಸುರಿದರೆ ಅದು ಒಡೆಯುತ್ತದೆ. ತಕ್ಷಣ ತಣ್ಣೀರಿನಲ್ಲಿ ತೊಳೆಯಬೇಕು ಎಂದು ಎಲ್ಲರೂ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಗರಣೆ ಬಿಸಿಯಾಗಿರುವಾಗ ಮಾತ್ರ ಅದರ ಚೂರುಗಳು ಅಂಟಿಕೊಂಡು ಒಂದೇ ಗಟ್ಟಿಯಾಗುತ್ತವೆ. ಡೇರಿಯವರು ತಿಳಿ ಬಸಿಯುವಾಗ ಬಿಸಿ 63 ಡಿಗ್ರಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು ಈ ಕಾರಣಕ್ಕೇ. ತಣ್ಣೀರು ಬಿದ್ದರೆ ಜಿಡ್ಡು ಹೆಪ್ಪುಗಟ್ಟಿ ಚೂರುಗಳು ಬಿಡಿಬಿಡಿಯಾಗಿಯೇ ಉಳಿಯುತ್ತವೆ, ಆಮೇಲೆ ಅವನ್ನು ಕೂಡಿಸಲು ಹೆಚ್ಚು ತೂಕ, ಹೆಚ್ಚು ಹೊತ್ತು ಒತ್ತಬೇಕಾಗುತ್ತದೆ. ನಿಂಬೆ ಅಥವಾ ವಿನೆಗರಿನ ಹುಳಿ ಹೋಗಲೇಬೇಕೆಂದಿದ್ದರೆ ಒಂದು ಲೋಟ ಬಿಸಿನೀರನ್ನು ಮೇಲಿಂದ ಹರಿಸಿ. ಮೊಸರಿನಿಂದ ಒಡೆಸಿದ್ದಕ್ಕೆ ಅದೂ ಬೇಡ.

ಒತ್ತುವ ಹೊತ್ತಿನ ಬಗ್ಗೆ ಇರುವಷ್ಟು ತಪ್ಪು ಎಣಿಕೆ ಬೇರೆ ಯಾವುದರಲ್ಲೂ ಇಲ್ಲ. ಪಕ್ಕದ ಮನೆಯ ಸೊಸೆ ಒಂದು ಬೆಳಿಗ್ಗೆ ತಟ್ಟೆ ಹಿಡಿದುಕೊಂಡು ಬಂದಿದ್ದಳು. "ಆಂಟಿ, ರಾತ್ರಿಯೆಲ್ಲ ರುಬ್ಬುಗುಂಡು ಹೇರಿ ಇಟ್ಟಿದ್ದೆ. ನೋಡಿ, ಚಾಕು ಕೂಡ ಇಳೀತಿಲ್ಲ." ತುಂಡನ್ನು ಮುರಿದು ನೋಡಿದೆವು. ಒಳಗೆ ಒಂದಿಷ್ಟೂ ಪಸೆಯಿರಲಿಲ್ಲ, ಅಂಚು ಹಳದಿಗೆ ತಿರುಗಿತ್ತು. "ಹಾಲು ಚೆನ್ನಾಗೇ ಒಡೆದಿದೆ ಕಣಮ್ಮ, ಇಪ್ಪತ್ತು ನಿಮಿಷಕ್ಕೆ ಗುಂಡು ಇಳಿಸಿಬಿಟ್ಟಿದ್ದರೆ ಸಾಕಿತ್ತು" ಅಂದೆ. ರಾತ್ರಿಯಿಡೀ ಹೊರಗಿಟ್ಟ ಪನೀರ್ ಕೆಡುವ ಭಯವೂ ಇದೆ. ಒದ್ದೆಯಾಗಿ, ಬೆಚ್ಚಗೆ ಇರುವ ಪ್ರೋಟೀನು ಬ್ಯಾಕ್ಟೀರಿಯಾಗಳಿಗೆ ಹೇಳಿ ಮಾಡಿಸಿದ ಜಾಗ.

ಒಂದು ಲೀಟರ್ ಹಾಲಿನ ಗರಣೆಯನ್ನು ಬಟ್ಟೆಯಲ್ಲೇ ಚೌಕವಾಗಿ ಮಡಿಸಿದರೆ ಸುಮಾರು ಒಂಬತ್ತು ಸೆಂಟಿಮೀಟರ್ ಅಗಲ, ಎರಡೂಕಾಲು ಸೆಂಟಿಮೀಟರ್ ದಪ್ಪದ ಬಿಲ್ಲೆಯಾಗುತ್ತದೆ. ತುದಿಗಳನ್ನು ಬಿಗಿಯಾಗಿ ತಿರುಚಿ ಗಂಟು ಹಾಕಬೇಡಿ, ಗಂಟಿನ ಕೆಳಗೆ ಗುಂಡಿ ಬಿದ್ದು ಅಲ್ಲಿ ಮಾತ್ರ ಹೆಚ್ಚು ಒತ್ತಿದಂತಾಗುತ್ತದೆ. ಬಟ್ಟೆಯನ್ನು ಚಪ್ಪಟೆಯಾಗಿ ಮಡಿಸಿ, ಮೇಲೊಂದು ತಟ್ಟೆ ಮಗುಚಿ, ಅದರ ಮೇಲೆ ನೀರು ತುಂಬಿದ ಪಾತ್ರೆ ಇಡಿ. ನೀರಿನ ಪಾತ್ರೆಯಲ್ಲಿ ಒಂದು ಅನುಕೂಲವಿದೆ, ಎರಡೂವರೆ ಲೀಟರ್ ನೀರೆಂದರೆ ಎರಡೂವರೆ ಕಿಲೋ ಎಂದು ತೂಕ ಗೊತ್ತಿರುತ್ತದೆ. ಗ್ರೇವಿಗೆ ಬೇಕಾದ ಮೆತ್ತನೆಯ ಪನೀರಿಗೆ ಈ ತೂಕದಲ್ಲಿ 20 ನಿಮಿಷ. ಕಾವಲಿಯ ಮೇಲೆ ಸುಡುವ, ಕಡ್ಡಿಗೆ ಚುಚ್ಚುವ ಟಿಕ್ಕಾಕ್ಕಾದರೆ 35ರಿಂದ 40 ನಿಮಿಷ. ಭುರ್ಜಿ ಅಥವಾ ಪರೋಟದ ಹೂರಣಕ್ಕೆ ಒತ್ತುವುದೇ ಬೇಡ, ಹತ್ತು ನಿಮಿಷ ತೂಗುಹಾಕಿದರೆ ಸಾಕು. ಎರಡು ಲೀಟರ್ ಮಾಡುವಾಗ ಬಿಲ್ಲೆಯನ್ನು ಅಗಲ ಮಾಡಿದರೆ ತೂಕ ದುಪ್ಪಟ್ಟಾಗಬೇಕು, ಹೊತ್ತು ಅಷ್ಟೇ ಇರಲಿ. ದಪ್ಪ ಮಾಡಿದರೆ ಹೊತ್ತು ಹೆಚ್ಚಬೇಕು, ಆಗ ಹೊರಮೈ ಬಿಗಿದು ನಡುವೆ ಹಸಿಯಾಗಿಯೇ ಉಳಿಯುವ ಸಾಧ್ಯತೆಯಿದೆ. ಅದಕ್ಕಾಗಿ ಅಗಲ ಮಾಡುವುದೇ ಜಾಣತನ.

ಗಡಿಯಾರಕ್ಕಿಂತ ನೀರು ಸೋರುವ ಬಗೆ ನೋಡಿದರೆ ತಪ್ಪಾಗುವುದಿಲ್ಲ. ಮೊದಲು ದಾರವಾಗಿ ಹರಿಯುತ್ತದೆ, ನಂತರ ಹನಿಯಾಗುತ್ತದೆ, ಕೊನೆಗೆ ಹನಿಗೂ ಹನಿಗೂ ನಡುವೆ ಐದಾರು ಸೆಕೆಂಡು ಅಂತರ ಬರುತ್ತದೆ. ಆಗ ತೂಕ ಇಳಿಸಿ ಬಟ್ಟೆ ಬಿಡಿಸಿ. ಬೆರಳಿನಿಂದ ನಡುವೆ ಒತ್ತಿದರೆ ಸ್ವಲ್ಪ ತಗ್ಗಿ ಮತ್ತೆ ಮೇಲೇಳಬೇಕು, ಒತ್ತಿದ ಕಡೆ ಮೈ ತೇವವಾಗಬೇಕು, ಆದರೆ ನೀರು ಹರಿಯಬಾರದು.

ಬಿಲ್ಲೆಯನ್ನು ಆಗಲೇ ಕತ್ತರಿಸಿದರೆ ಅಂಚು ಪುಡಿಯಾಗುತ್ತದೆ. ಐಸು ಹಾಕಿದ ನೀರಿನಲ್ಲೋ ಫ್ರಿಜ್ಜಿನ ತಣ್ಣೀರಿನಲ್ಲೋ ಒಂದೆರಡು ಗಂಟೆ ಮುಳುಗಿಸಿ ಇಡಿ. ಒಳಗಿನ ಜಿಡ್ಡು ಗಟ್ಟಿಯಾಗಿ ಬಿಲ್ಲೆ ನಿಲ್ಲುತ್ತದೆ, ನೀರಿನಲ್ಲೇ ಇರುವುದರಿಂದ ಒಣಗುವುದೂ ಇಲ್ಲ. ತಣ್ಣೀರಿನ ಕೆಲಸ ಬರುವುದು ಇಲ್ಲಿ, ತೊಳೆಯುವಾಗ ಅಲ್ಲ. ಆಮೇಲೆ ಒದ್ದೆ ಚಾಕುವಿನಿಂದ ತುಂಡು ಮಾಡಿದರೆ ಅಂಚು ನುಣುಪಾಗಿ ಬರುತ್ತದೆ. ಉಳಿದದ್ದನ್ನು ನೀರಿನಲ್ಲೇ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟು, ದಿನಕ್ಕೊಮ್ಮೆ ನೀರು ಬದಲಿಸಿ, ಎರಡು ಮೂರು ದಿನದೊಳಗೆ ಮುಗಿಸಬೇಕು. ಮೈ ಲೋಳೆಯಾದರೆ ಬಳಸಬೇಡಿ.

ಇಷ್ಟು ಜತನದಿಂದ ಉಳಿಸಿದ ನೀರನ್ನು ಬಾಣಲೆಯಲ್ಲಿ ಕಳೆದುಕೊಳ್ಳುವುದೂ ಸುಲಭ. ಹುಳಿ ಮತ್ತು ಬಿಸಿಯಿಂದ ಕಟ್ಟಿದ ಪನೀರ್ ಚೀಸಿನಂತೆ ಕರಗುವುದಿಲ್ಲ, ಕಾಯಿಸಿದಷ್ಟೂ ನೀರು ಬಿಟ್ಟು ಬಿಗಿಯಾಗುತ್ತದೆ. ಹುರಿಯುವುದಾದರೆ ಎರಡೂ ಮೈ ಹೊಂಬಣ್ಣಕ್ಕೆ ಬರುವಷ್ಟು ಮಾತ್ರ ಹುರಿದು, ಕೂಡಲೇ ಚಿಟಿಕೆ ಉಪ್ಪು ಹಾಕಿದ ಬಿಸಿನೀರಿಗೆ ಹತ್ತು ನಿಮಿಷ ಹಾಕಿಡಿ. ಗ್ರೇವಿಗೆ ಸೇರಿಸುವುದು ಒಲೆ ಆರಿಸುವ ಮೂರು ನಾಲ್ಕು ನಿಮಿಷ ಮೊದಲು.

ಜರಡಿಯ ಕೆಳಗೆ ಉಳಿದ ಸುಮಾರು ಒಂದು ಲೀಟರ್ ತಿಳಿನೀರನ್ನು ಚೆಲ್ಲಬೇಡಿ. ಚಪಾತಿ ಹಿಟ್ಟು ಕಲಸಲು ಅದು ಚೆನ್ನ, ತಿಳಿಸಾರಿಗೆ ಹುಣಸೆ ಸ್ವಲ್ಪ ಕಡಿಮೆ ಮಾಡಿ ಇದನ್ನೂ ಹಾಕಬಹುದು. ಮೊಸರಿನಿಂದ ಒಡೆಸಿದ ತಿಳಿನೀರಿಗೆ ಇನ್ನೊಂದು ಉಪಯೋಗವಿದೆ. ಅದು ಆರಿದ ಮೇಲೆ ಒಂದು ಚಮಚ ಮೊಸರು ಕದಡಿ, ಮುಚ್ಚಿ ಹೊರಗಿಟ್ಟರೆ ಮರುದಿನಕ್ಕೆ ಚೆನ್ನಾಗಿ ಹುಳಿಯಾಗಿರುತ್ತದೆ. ಮುಂದಿನ ಪನೀರಿಗೆ ಅದನ್ನೇ ಬಿಸಿ ಮಾಡಿ ಹುಳಿನೀರಾಗಿ ಬಳಸಬಹುದು. ತೆಳು ಹುಳಿಯಾದ್ದರಿಂದ ಎರಡು ಲೋಟದಷ್ಟಾದರೂ ಬೇಕಾಗುತ್ತದೆ, ಒಂದು ಲೀಟರಿಗಿಂತ ದೊಡ್ಡ ಪಾತ್ರೆಯನ್ನು ಮೊದಲೇ ತೆಗೆದಿಟ್ಟುಕೊಳ್ಳಿ.